ಜೂನ್ ನಮೂನೆಯಲ್ಲಿ ಮಾರ್ಚ್ ತಿಂಗಳು

ನಮ್ಮ ಔಷಧ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಕ್ಕನಿಗೆ ಎಲ್ಲರೂ ಇಟ್ಟ ಹೆಸರು ಅನುಮಾನದಕ್ಕ. ಹಾಲನ್ನೂ ಊದಿ ಊದಿ ಕುಡಿಯುವ ಹೆಂಗಸು. ಮನೆಯಲ್ಲಿ ಗಂಡ ತರಕಾರಿ ತಂದರೂ ಚೀಲ ಬೋರಲು ಹಾಕಿ ನೋಡುತ್ತಾಳಂತೆ. ಅವಳ ಕೈಕೆಳಗೆ ಸಭೆಯ ನಡಾವಳಿ ಬರೆಯುವವಳು ನಾನು. ಹನ್ನೊಂದು ವರ್ಷದಲ್ಲಿ ನನ್ನನ್ನೂ ಅವಳು ಪೂರ್ತಿ ನಂಬಿಲ್ಲ.

ಆ ದಿನ ಲೇಬಲ್ ವಿಭಾಗಕ್ಕೆ ಜನವರಿಯಲ್ಲಿ ಸೇರಿದ್ದ ಹೆಂಗಸಿನ ಪ್ರೊಬೇಷನ್ ಸಭೆ. ಸಮಿತಿಯಲ್ಲಿ ಅಕ್ಕ, ವ್ಯವಸ್ಥಾಪಕರು, ಅವಳ ಸೂಪರ್‌ವೈಸರ್, ಮೂವರು. ಆರು ತಿಂಗಳು ಮರುದಿನಕ್ಕೆ ಮುಗಿಯುತ್ತಿತ್ತು. ಕಾಯಂ ಆಗದಿದ್ದರೆ ಅವಳು ಮನೆಗೆ. ಅವಳ ದುಡಿಮೆಯ ಮೇಲೆಯೇ ಮನೆ ನಿಂತಿತ್ತು.

ಸೂಪರ್‌ವೈಸರ್ ಮಾರ್ಚ್, ಮೇ ತಿಂಗಳ ಎರಡು ಮೌಲ್ಯಮಾಪನಗಳನ್ನು ಮುಂದಿಟ್ಟ. ಕೆಲಸದ ಗುಣಮಟ್ಟಕ್ಕೆ ಐದಕ್ಕೆ ಎರಡು, ಸಹಕಾರಕ್ಕೂ ಎರಡು.

"ತುಂಬಾ ನಿಧಾನ ಮೇಡಂ. ಎರಡು ಸಲ ಯಂತ್ರಾನೇ ನಿಲ್ಸಿದ್ಲು. ಬೇಡ ಅನ್ಸುತ್ತೆ."

ಅಕ್ಕ ಅಂಕಗಳನ್ನು ನೋಡಲೇ ಇಲ್ಲ. ಹಾಳೆಯ ಬುಡ ನೋಡಿದಳು.

"ಈ ನಮೂನೆ ಪರಿಷ್ಕರಿಸಿದ್ದು ಜೂನ್‌ನಲ್ಲಿ. ಮಾರ್ಚ್‌ನಲ್ಲಿ ಇದು ನಿಮ್ಮ ಕೈಗೆ ಹೇಗೆ ಬಂತು?"

ಅವನ ಮುಖ ಇಂಗು ತಿಂದ ಮಂಗನಂತಾಯಿತು. "ಹಳೇದು ಕಳೆದೋಯ್ತು, ಮತ್ತೆ ಬರೆದೆ."

"ಅವಳ ಸಹಿ ಎಲ್ಲಿ? ಅಂಕಕ್ಕೆ ಆಧಾರ ಬರೆಯೋ ಕಾಲಂ ಯಾಕೆ ಖಾಲಿ?"

ವ್ಯವಸ್ಥಾಪಕರು ನಡುವೆ ಬಂದರು. "ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದುವರಿಸೋಣ ಬಿಡಿ."

"ಯಾವ ಕೊರತೆಗೆ ಸರ್? ಅದನ್ನ ಅವಳಿಗೆ ಹೇಳಿ, ಬರವಣಿಗೆಯಲ್ಲಿ ಕೊಟ್ಟು, ತಿದ್ಕೊಳ್ಳೋಕೆ ಸಮಯ ಕೊಡ್ಬೇಕು. ಇಲ್ಲಿ ಒಂದೂ ಆಗಿಲ್ಲ."

ಆ ಸೂಪರ್‌ವೈಸರ್‌ಗೆ ಹಾಗೇ ಆಗಬೇಕಿತ್ತು ಎಂದು ನನಗೆ ಒಳಗೇ ಖುಷಿ. ಆದರೆ ಅಕ್ಕ ಆ ಹೆಂಗಸನ್ನೂ ನಂಬಲಿಲ್ಲ. ಒಳಗೆ ಕರೆಸಿದಳು.

"ನೀನು ಯಂತ್ರ ಎರಡು ಸಲ ನಿಲ್ಲಿಸಿದ್ಯಂತೆ?"

"ಹೌದಕ್ಕ. ಲೇಬಲ್ ಮೇಲೆ ಬ್ಯಾಚ್ ನಂಬರ್ ತಪ್ಪಿತ್ತು."

"ನೀನು ಹೇಳಿದ್ರೆ ಸಾಕಾ?"

ಗುಣಮಟ್ಟ ವಿಭಾಗದ ರಿಜಿಸ್ಟರ್ ತರಿಸಿದಳು. ಎರಡೂ ದಿನ ನಂಬರ್ ತಪ್ಪೆಂದು ಅವರ ಸಹಿಯೊಂದಿಗೆ ದಾಖಲಾಗಿತ್ತು. ಅವಳ ಕೈಯಲ್ಲಿ ಹಾಳಾದ ಲೇಬಲ್‌ಗಳು ವಿಭಾಗದ ಸರಾಸರಿಗಿಂತ ಕಡಿಮೆ. ರಜೆ ಒಂದೇ ದಿನ. ಯಂತ್ರ ನಿಂತ ಸಿಟ್ಟನ್ನು ಅವನು ಅಂಕದಲ್ಲಿ ತೀರಿಸಿಕೊಂಡಿದ್ದ ಎನ್ನಲು ಇನ್ನೇನು ಬೇಕು?

ಆಧಾರವಿಲ್ಲದ ಅಂಕಗಳನ್ನು ಬಿಟ್ಟು, ದಾಖಲೆ ನೋಡಿ, ಪ್ರತಿ ಮಾನದಂಡಕ್ಕೂ ಸಮಿತಿ ಹೊಸದಾಗಿ ಅಂಕ ಹಾಕಿತು. ಕಾಯಂ. ಹಳೆ ಅಂಕ ಬಿಟ್ಟದ್ದೇಕೆಂಬ ಕಾರಣವನ್ನೂ ಬರೆಸಿದ ಅಕ್ಕ, ನನ್ನ ನಡಾವಳಿಯನ್ನು ಎರಡು ಸಲ ಓದಿದಳು. ಮೂವರೂ ಸಹಿ ಹಾಕಿದರು.

ಹೆಂಗಸು ಕಣ್ಣೊರೆಸಿಕೊಂಡು ಹೊಸ ಮೌಲ್ಯಮಾಪನಕ್ಕೆ ಸಹಿ ಹಾಕಲು ಪೆನ್ನು ತೆಗೆದುಕೊಂಡಳು.

"ಓದದೆ ಸಹಿ ಹಾಕ್ಬೇಡ. ನನ್ನನ್ನೂ ನಂಬಬೇಡ," ಎಂದಳು ಅಕ್ಕ.

ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಹತ್ತು ನಿಮಿಷ ಹಿಡಿಯಿತು. ಉದ್ಯೋಗಿಯ ಅಭಿಪ್ರಾಯ ಎಂಬ ಜಾಗದಲ್ಲಿ ನಿಂತು ಕೇಳಿದಳು, "ಇಲ್ಲಿ ನಾನು ಬರೀಬಹುದಾ?"

"ಅದು ನಿನ್ನದೇ ಜಾಗ."

ಅವಳು ಬರೆದಳು: "ಆರು ತಿಂಗಳಲ್ಲಿ ನನ್ನನ್ನು ಕೂರಿಸಿ ಕೇಳಿದ್ದು ಇವತ್ತೇ ಮೊದಲು."

ಅಕ್ಕ ಅದನ್ನು ಓದಿದಳು. ಯಾವ ಆಧಾರವನ್ನೂ ಕೇಳಲಿಲ್ಲ.