ಕಾಗೆ ಮುಟ್ಟಿದವಳಿಗೆ ಬರೆದ ಸಂತಾಪ

ಸಾವಿನ ರಜೆಗೆ ನಿಯಮ ಬರೆಯುವುದು ಎಂಥ ಕೆಟ್ಟ ಕೆಲಸವೆಂದು ಬರೆಯಲು ಕೂತವರಿಗೇ ಗೊತ್ತು. ಯಾರು ಸತ್ತರೆ ರಜೆ, ಯಾರು ಸತ್ತರೆ ಇಲ್ಲ ಎಂದು ಮೊದಲು ಗೆರೆ ಎಳೆಯಬೇಕು. ತಂದೆ ತಾಯಿ ಸರಿ. ಅತ್ತೆ ಮಾವ? ಸಾಕಿ ಬೆಳೆಸಿದ ಅಜ್ಜಿ? ಹೊಸೂರಿನ ಹೊರಗೆ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಜನರ ಬಾಯಲ್ಲಿ ಎಚ್‌ಆರ್ ಮೇಡಂ. ಇಂಥ ರಜೆ ಕೊಡಲೇಬೇಕೆಂದು ನಮ್ಮಂಥ ಕಾರ್ಖಾನೆಗೆ ಯಾವ ಕಾನೂನೂ ಹೇಳುವುದಿಲ್ಲ, ಕೊಟ್ಟರೆ ಕಂಪನಿಯ ದೊಡ್ಡತನ. ಆ ದೊಡ್ಡತನಕ್ಕೆ ಮಾತು ಜೋಡಿಸುವುದು ನನ್ನ ಪಾಲಿಗೆ ಬಂದಿತ್ತು.

ಜೋಡಿಸಿದ್ದೆ, ಸಾಕಷ್ಟು ಜಗಳ ಆಡಿಯೇ. ಸಂಬಳ ಸಹಿತ ಮೂರು ದಿನ. ಮೂರನ್ನೂ ಒಟ್ಟಿಗೇ ತೆಗೆದುಕೊಳ್ಳಬೇಕಿಲ್ಲ, ಒಂದನ್ನು ತಿಥಿಗೆ ಉಳಿಸಿಕೊಳ್ಳಬಹುದು. ಸುದ್ದಿ ಬಂದ ತಕ್ಷಣ ಮೇಲಿನವರಿಗೆ ಬಾಯಿಮಾತಲ್ಲಿ ಹೇಳಿ ಹೊರಟರೆ ಸಾಕು, ಪುರಾವೆಯನ್ನು ಕೆಲಸಕ್ಕೆ ಮರಳಿದ ಮೇಲೆ ಕೊಡಬಹುದು. ಆ ಕೊನೆಯ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಹಳ್ಳಿಯಲ್ಲಿ ಗ್ರಾಮಾಧಿಕಾರಿ ಸಾವನ್ನು ದಾಖಲು ಮಾಡಿಕೊಂಡು ಸರ್ಟಿಫಿಕೇಟು ಕೈಗೆ ಬರುವುದರೊಳಗೆ ತಿಥಿಯೇ ಮುಗಿದಿರುತ್ತದೆ. ಹೆಣ ಇಟ್ಟುಕೊಂಡು ಕಾಗದಕ್ಕೆ ಯಾರು ಓಡುತ್ತಾರೆ?

ಆ ಸಾಲನ್ನು ಮೊದಲು ಬಳಸಿದವನು ಅಸೆಂಬ್ಲಿ ಲೈನಿನ ಒಬ್ಬ ಹುಡುಗ. ಹುಡುಗ ಅಂದರೆ ಇಪ್ಪತ್ತೈದು ದಾಟಿದವನೇ. ಊರು ಅಂಚೆಟ್ಟಿಯಿಂದ ಇನ್ನೂ ಒಳಗೆ, ಬಸ್ಸು ಇಳಿದು ಗುಡ್ಡ ಹತ್ತಬೇಕು. ಅಪ್ಪ ಇಲ್ಲ, ಅವ್ವ ಒಬ್ಬಳೇ ರಾಗಿ ಹೊಲ ನೋಡಿಕೊಂಡಿದ್ದಳು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಬೆಳಿಗ್ಗೆ ಟೀ ವಿರಾಮದಲ್ಲಿ ಅವನ ಸೋದರಮಾವ ಫೋನ್ ಮಾಡಿ, "ನಿಮ್ಮವ್ವ ಹೋಗ್ಬುಟ್ಳು ಕಣ್ಲಾ" ಎಂದಿದ್ದ. ಹುಡುಗ ಮ್ಯಾನೇಜರಿಗೆ ಕೂಗಿ ಹೇಳಿ, ಹೆಲ್ಮೆಟ್ಟನ್ನೂ ತೆಗೆಯದೆ ಗೇಟಿನ ಕಡೆ ಓಡಿದ.

ಅವನ ಮ್ಯಾನೇಜರು ಸೇಲಂ ಕಡೆಯ ತಮಿಳರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಫೋನು ಬಂದರೆ ಎದ್ದು ನಿಂತು ಮಾತಾಡುವಷ್ಟು ಭಯ. ಅವರು ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಅವನಿಗೆ ಒಂದು ಮೆಸೇಜ್ ಹಾಕ್ಬೇಕು. ಕನ್ನಡದಲ್ಲಿ ಹೇಗೆ ಹೇಳೋದು?" ಎಂದರು. ಅವರು ಇಂಗ್ಲಿಷಿನಲ್ಲಿ ಬರೆದು ತಂದದ್ದರಲ್ಲಿ 'ತೀವ್ರ ಸಂತಾಪ' ಇತ್ತು, 'ಭಗವಂತನ ಇಚ್ಛೆ' ಇತ್ತು, ಕೊನೆಗೆ 'ಯಾವಾಗ ಮರಳುತ್ತೀರಿ ತಿಳಿಸಿ' ಎಂದೂ ಇತ್ತು. ನನಗೆ ಸಿಟ್ಟು ಬಂತು. "ಸಾರ್, ಇದು ನೋಟೀಸು. ಅವರಮ್ಮನ ಬಗ್ಗೆ ನಿಮಗೆ ಏನು ಗೊತ್ತು, ಅದನ್ನು ಬರೀರಿ" ಎಂದೆ. ಸ್ವಲ್ಪ ಯೋಚಿಸಿ, ಹುಡುಗ ಊರಿಂದ ತರುತ್ತಿದ್ದ ಹುರಿದ ಅವರೆಕಾಳಿನ ನೆನಪು ತೆಗೆದರು. ಕೊನೆಗೆ ಇಬ್ಬರೂ ಸೇರಿ ಬರೆದದ್ದು ಇಷ್ಟು:

'ತಮ್ಮಾ, ನಿಮ್ಮ ಅಮ್ಮ ಹೋದರೆಂದು ಕೇಳಿ ಬಹಳ ನೋವಾಯಿತು. ಅವರು ಹುರಿದು ಕಳಿಸಿದ ಕಾಳನ್ನು ನಮ್ಮ ಲೈನಿನವರೆಲ್ಲ ತಿಂದಿದ್ದೇವೆ. ಅವರನ್ನು ನೋಡದಿದ್ದರೂ ಅವರ ಕೈ ನಮಗೆ ಗೊತ್ತು. ನಿಮ್ಮ ಕೆಲಸ ನಾವು ನೋಡಿಕೊಳ್ಳುತ್ತೇವೆ. ರಜೆಗೆ ಈಗ ನೀವು ಏನೂ ಮಾಡಬೇಕಾಗಿಲ್ಲ. ಇದಕ್ಕೆ ಉತ್ತರ ಬರೆಯುವುದೂ ಬೇಡ.'

ಮಾರನೆಯ ದಿನ ಹುಡುಗ ಕೆಲಸಕ್ಕೆ ಬಂದುಬಿಟ್ಟ. ಮುಖದಲ್ಲಿ ರಕ್ತವಿರಲಿಲ್ಲ.

"ಅವ್ವ ಬದುಕವ್ಳೆ ಮೇಡಂ" ಎಂದ.

ಹೊಲದಲ್ಲಿ ಕಳೆ ಕೀಳುತ್ತಿದ್ದವಳ ತಲೆಗೆ ಕಾಗೆ ಬಂದು ಬಡಿದಿತ್ತು. ಕಾಗೆ ಮುಟ್ಟಿದರೆ ಸಾವು ಹತ್ತಿರ ಬಂತೆಂದು ಲೆಕ್ಕ. ಅದಕ್ಕೆ ಪರಿಹಾರವೂ ಉಂಟು: ಮುಟ್ಟಿಸಿಕೊಂಡವರು ಸತ್ತರೆಂದು ಹತ್ತಿರದವರಿಗೆಲ್ಲ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತ ಮೇಲೆ ಸಾವು ತನ್ನ ಪಾಲು ಸಿಕ್ಕಿತೆಂದು ಹಿಂದಿರುಗುತ್ತದೆ. ನಮ್ಮಜ್ಜಿಗೆ ಒಮ್ಮೆ ಹೀಗಾಗಿ, ಟೌನಿನಲ್ಲಿ ಮೇಷ್ಟರಾಗಿದ್ದ ನಮ್ಮಪ್ಪ ತರಗತಿಯಿಂದ ಅಳುತ್ತಾ ಬಂದದ್ದನ್ನು ಹೇಳಿ ಮನೆಯಲ್ಲಿ ನಗುತ್ತಿದ್ದರು. ಹಾಗಾಗಿ ನನಗೂ ನಗು ಬಂತು. ಹುಡುಗ ನಗಲಿಲ್ಲ.

"ಅಕ್ಕಂಗೆ ಸುದ್ದಿ ಮುಟ್ನೇ ಇಲ್ಲ ಮೇಡಂ. ಅವ್ಳಿರೋ ಕಡೆ ಸಿಗ್ನಲ್ ಇಲ್ಲ. ಅಷ್ಟರಾಗೆ ಯಾರೋ ನಿಜ ಹೇಳ್ಬುಟ್ರು. ಅಕ್ಕ ಅಳ್ನಿಲ್ಲ. ಹೆತ್ತ ಮಗಳೇ ಅಳ್ನಿಲ್ಲ ಅಂದ್ಮೇಲೆ ಕಾಗೆ ಬಿಡಾಕಿಲ್ಲ ಅಂತ ಅವ್ವ ಕುಂತವ್ಳೆ."

ನನ್ನ ನಗು ನಿಂತಿತು. ನಾನು ಇದನ್ನೆಲ್ಲ ನಂಬುವವಳಲ್ಲ, ಆದರೆ ನಂಬದವಳ ಬೆನ್ನೂ ಒಮ್ಮೊಮ್ಮೆ ತಣ್ಣಗಾಗುತ್ತದೆ.

ರಜೆಯನ್ನು ರದ್ದು ಮಾಡಿ ಅವನ ಸಾಧಾರಣ ರಜೆಯಲ್ಲಿ ಕಳೆದರೆ ಮುಗಿಯುತ್ತಿತ್ತು. ಮುಗಿಯಲಿಲ್ಲ. ಬದುಕಿರುವವರ ಹೆಸರಲ್ಲಿ ಸಾವಿನ ರಜೆ ಪಡೆದಿದ್ದಾನೆಂಬ ಮಾತು ಹೆಡ್ಡಾಫೀಸಿಗೆ ಮುಟ್ಟಿತು. ಅವನು ಸುಳ್ಳು ಹೇಳಿಲ್ಲ, ಸುಳ್ಳು ಕೇಳಿಸಿಕೊಂಡ ಎಂದು ನಾನು ಫೋನಿನಲ್ಲಿ ಎಷ್ಟೋ ಹೊತ್ತು ವಾದಿಸಿದೆ. ಕಾಗೆಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ, ಆಗ ನನ್ನ ಪಾಡು ತಿಳಿಯುತ್ತದೆ. ಕೆಲಸ ಹೋಗಲಿಲ್ಲ, ಆದರೆ ಎಚ್ಚರಿಕೆ ಕೊಟ್ಟರು: ಇನ್ನೊಮ್ಮೆ ಹೀಗಾದರೆ ಕಾಯಂ ಮಾಡುವ ಮಾತಿಲ್ಲ. ನನ್ನ ಹೆಮ್ಮೆಯ ಸಾಲನ್ನೂ ಹೊಡೆದು ಹಾಕಿದರು. ಅದರ ಜಾಗದಲ್ಲಿ ಅಲ್ಲಿಂದಲೇ ಬರೆದು ಬಂದದ್ದು: 'ಸಾವಿನ ಪುರಾವೆ ಸಲ್ಲಿಸಿದ ನಂತರವೇ ರಜೆ ಮಂಜೂರಾಗುತ್ತದೆ.' ತಮಿಳು, ಕನ್ನಡ, ಇಂಗ್ಲಿಷು ಮೂರರಲ್ಲೂ ಅಚ್ಚು ಹಾಕಿಸಿ ಕ್ಯಾಂಟೀನಿನ ಬಾಗಿಲಲ್ಲಿ ಅಂಟಿಸಿದರು. ಊಟಕ್ಕೆ ಹೋಗುವಾಗ ಬರುವಾಗ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಆಮೇಲೆ ಒಮ್ಮೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

"ಊಟ ಸರಿಯಾಗಿ ಮಾಡಾಕಿಲ್ಲ ಮೇಡಂ. ಊರಿಗೆ ಹೋದಾಗೆಲ್ಲ ಸಾರ್ ಕಳ್ಸಿದ್ ಮೆಸೇಜ್ ಓದು ಅಂತಾಳೆ. ಓದಿದ್ರೆ ಸುಮ್ನೆ ಕೇಳ್ತಾಳೆ. ನನ್ ಕೈ ಗೊತ್ತು ಅಂತ ಬರ್ದವ್ರಲ್ಲಾ, ಎಷ್ಟು ಒಳ್ಳೆ ಜನ ಅಂತಾಳೆ."

ತನ್ನ ಸಂತಾಪವನ್ನು ತಾನೇ ಕೂತು ಕೇಳುವ ಹೆಂಗಸನ್ನು ನೆನೆದು ತಟ್ಟೆ ಪಕ್ಕಕ್ಕೆ ಸರಿಸಿದೆ. ಅದನ್ನು ಅಳಿಸಿಹಾಕು ಎಂದೆ. "ಅವ್ವ ಬೇಡ ಅಂದವ್ಳೆ" ಎಂದ.

ಅವರೆ ಹೂಬಿಡುವ ಕಾಲಕ್ಕೆ ಅದಾಯಿತು. ಮಧ್ಯಾಹ್ನ ಮೊದಲ ಪಾಳಿ ಬಿಟ್ಟು ಜನ ಬಸ್ಸಿನ ಕಡೆ ಹೋಗುತ್ತಿದ್ದರು. ಹುಡುಗ ಮಾತ್ರ ಕ್ಯಾಂಟೀನಿನ ಬಾಗಿಲಲ್ಲಿ ಆ ನೋಟೀಸಿನ ಮುಂದೆ ನಿಂತಿದ್ದ, ಕೈಯಲ್ಲಿ ಫೋನು. ನನ್ನನ್ನು ಕಂಡು, "ಮೇಡಂ, ಪುರಾವೆ ಅಂದ್ರೆ ಫೋಟೋ ಆಯ್ತದಾ?" ಎಂದ.

ಫೋನಿನಲ್ಲಿ ಅವನ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಹಣೆಗೆ ವಿಭೂತಿ ಬಳಿದಿದ್ದರು. ದವಡೆಗೆ ಬಟ್ಟೆ ಕಟ್ಟಿದ್ದರು.

ಬೆಳಿಗ್ಗೆಯೇ ಮಾವನ ಫೋನು ಬಂದಿತ್ತಂತೆ. ಈ ಸಲ ನಿಜ ಎಂದು ಮಾವ ಆಣೆ ಇಟ್ಟು ಹೇಳಿದ್ದ. ಇವನು ಮ್ಯಾನೇಜರ ಹತ್ತಿರ ಹೋದಾಗ ಅವರು ಬಾಗಿಲಿನ ನೋಟೀಸು ನೆನೆದು, "ಏನಾದ್ರೂ ಒಂದು ಪ್ರೂಫ್ ತರಿಸಪ್ಪಾ, ಆಮೇಲೆ ಹೋಗು, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದಿದ್ದರು. ಮಾವ ಗ್ರಾಮಾಧಿಕಾರಿಯನ್ನು ಹುಡುಕಿ ಸಿಗದೆ, ಕೊನೆಗೆ ಮನೆಯಲ್ಲಿ ಯಾರಿಗೂ ಹೇಳದೆ ಈ ಫೋಟೋ ತೆಗೆದು, ಸಿಗ್ನಲ್ ಸಿಗುವ ದಿಬ್ಬ ಹತ್ತಿ ಕಳಿಸಿದ್ದ. ಅಷ್ಟು ಹೊತ್ತೂ ಹುಡುಗ ಲೈನಿನಲ್ಲಿ ನಿಂತು ನಟ್ಟು ಬಿಗಿಯುತ್ತಿದ್ದ. ಪಕ್ಕದವನಿಗೂ ಹೇಳಿರಲಿಲ್ಲ.

"ಮಣ್ಣಿಗೆ ಎಷ್ಟೊತ್ತಿಗೆ?" ಎಂದೆ.

"ಹೊತ್ತು ಮುಳುಗೋದ್ರೊಳಗೆ ಎತ್ಬೇಕು ಅಂತವ್ರೆ. ಒಂದ್ಸಲ ಮಖ ನೋಡಿ ಒಂದಿಡಿ ಮಣ್ ಹಾಕ್ಬೇಕು ಮೇಡಂ, ಅಷ್ಟೇಯ."

ನಾನು ಕೂಗಾಡಿದೆ. ಏನೆಂದು ಕೂಗಾಡಿದೆನೋ ನೆನಪಿಲ್ಲ. ಮ್ಯಾನೇಜರು ಹೊರಗೆ ಬಂದು ಆ ಫೋಟೋ ನೋಡಿ, ಕಾರಿನ ಕೀಲಿ ತಂದರು. ಮೂವರೂ ಹೊರಟೆವು.

ಡೆಂಕಣಿಕೋಟೆ ದಾಟಿದೆವು. ಅಲ್ಲಿಂದ ಮುಂದೆ ಕಾಡು. ಒಂದು ತಿರುವಿನಲ್ಲಿ ಲಾರಿ, ಬೈಕುಗಳು ಸಾಲಾಗಿ ನಿಂತಿದ್ದವು. ಅರಣ್ಯ ಇಲಾಖೆಯವನೊಬ್ಬ ಕೈ ಅಡ್ಡ ಹಿಡಿದು, ಆನೆಗಳು ರಸ್ತೆ ದಾಟುತ್ತಿವೆ, ಮರಿ ಇದೆ, ಹಾರ್ನ್ ಹೊಡೆಯಬೇಡಿ ಎಂದ. ಬಿದಿರು ಮುರಿಯುವ ಸದ್ದು ಕೇಳುತ್ತಿತ್ತು, ಆನೆ ಕಾಣುತ್ತಿರಲಿಲ್ಲ. ಬಿಸಿಲು ಮರದ ತುದಿಗೆ ಏರಿತ್ತು. ಹುಡುಗನ ಫೋನಿಗೆ ಸಿಗ್ನಲ್ ಹೋಗಿತ್ತು. ಮ್ಯಾನೇಜರು ಸ್ಟೇರಿಂಗ್ ಹಿಡಿದುಕೊಂಡೇ ಅಳತೊಡಗಿದರು. ಹುಡುಗ ಅಳಲಿಲ್ಲ. "ಕಾಡಿನ ಜೀವ, ಅದ್ರ ಹೊತ್ತಿಗೇ ಹೋಗೋದು ಸಾರ್" ಎಂದು ಅವರನ್ನೇ ಸಮಾಧಾನ ಮಾಡಿದ.

ಗುಡ್ಡ ಹತ್ತಿ ಹೊಲದ ಅಂಚು ಮುಟ್ಟಿದಾಗ ಜನ ಎದುರಿಗೆ ಇಳಿದು ಬರುತ್ತಿದ್ದರು. ಎಲ್ಲರ ಕಾಲಲ್ಲೂ ಕೆಂಪು ಮಣ್ಣು ಹತ್ತಿತ್ತು. ಹೊಸ ಗುಡ್ಡೆಯ ಮೇಲೆ ಮುಳ್ಳಿನ ಕೊಂಬೆ ಇಟ್ಟಾಗಿತ್ತು. ಅದರ ಪಕ್ಕದಲ್ಲಿ ಅವನ ಅಕ್ಕ, ಅವತ್ತು ಅಳದವಳು, ಗಂಟಲು ಬಿದ್ದುಹೋಗುವಷ್ಟು ಅತ್ತು ಕೂತಿದ್ದಳು.

ಮ್ಯಾನೇಜರು ನನ್ನ ಕಡೆ ತಿರುಗಿ, "ಏನು ಹೇಳ್ಲಿ ಮೇಡಂ?" ಎಂದು ಪಿಸುಗುಟ್ಟಿದರು. ಹೇಳಬಹುದಾದ ಒಳ್ಳೆಯ ಮಾತುಗಳನ್ನೆಲ್ಲ ಅವಳು ಬದುಕಿದ್ದಾಗಲೇ ಬರೆದು ಮುಗಿಸಿದ್ದೆವು.

ಅಕ್ಕ ತಲೆಯೆತ್ತಿ ತಮ್ಮನನ್ನು ನೋಡಿದಳು. "ಬೆಳಗ್ಗೇನೆ ಯೋಳಿದ್ವಲ್ಲಲಾ. ಈಗ ಬತ್ತೀಯಾ? ಯಾಕ್ಲಾ ಇಷ್ಟೊತ್ತು? ಇದೂ ಸುಳ್ಳು ಅನ್ಕಂಡ್ಯಾ?"

ಹುಡುಗ ನಮ್ಮ ಕಡೆ ಒಮ್ಮೆ ನೋಡಿದ. ಮ್ಯಾನೇಜರು ತಲೆ ತಗ್ಗಿಸಿದರು. ಸುಳ್ಳು ಹೇಳಿದವನೆಂದು ನಾವು ಎಚ್ಚರಿಕೆ ಕೊಟ್ಟಿದ್ದ ಆ ಹುಡುಗ, ನನಗೆ ತಿಳಿದ ಮಟ್ಟಿಗೆ ಅವತ್ತೇ ಮೊದಲ ಸಲ ಸುಳ್ಳು ಹೇಳಿದ್ದು.

"ಬಸ್ ಸಿಗ್ನಿಲ್ಲ ಕಣಕ್ಕಾ" ಎಂದ.