ಹಾರ ಹಾಕಿಸಿಕೊಂಡವರ ವಯಸ್ಸು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಊರಿನ ಉಚಿತ ವಿದ್ಯಾರ್ಥಿನಿಲಯ ಕಟ್ಟಿದವರ ಪ್ರತಿಮೆಗೆ ಒಂದು ಸಮಿತಿಯಾಯಿತು. ಹಳೇಬೀಡಿನ ಶಿಲ್ಪಿ, ಎಷ್ಟು ವರ್ಷದ ಮುಖ ಕೆತ್ತಬೇಕು ಎಂದು ಕೇಳಿದ್ದ. ಸಮಿತಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಯಜಮಾನರು. ನಿಲಯದ ಊಟದ ಮನೆಯಲ್ಲಿ ವರ್ಷಾನುಗಟ್ಟಲೆ ಹಾರ ಹಾಕಿಸಿಕೊಂಡಿದ್ದ ಫೋಟೋವನ್ನು ಅವರು ನನ್ನ ಕೈಗಿಟ್ಟರು. ಬಿಳಿ ಮೀಸೆಯ, ತುಂಬುಗೆನ್ನೆಯ ಮುದುಕರು.

ಸಂಸ್ಥಾಪಕರು ನಲವತ್ತೆಂಟಕ್ಕೇ ತೀರಿಕೊಂಡವರು. "ಇಷ್ಟು ಬೆಳ್ಳಗಾಗಿತ್ತಾ?" ಎಂದೆ.

"ಊರಿನ ಚಿಂತೆ ಕಣ್ರೀ" ಎಂದರು ಅಧ್ಯಕ್ಷರು.

ಸ್ಟುಡಿಯೋದವನಿಂದ ಚೌಕಟ್ಟು ಬಿಚ್ಚಿಸಿದೆ. ಹಿಂಬದಿಯಲ್ಲಿ ತಾರೀಖಿಲ್ಲ. ಭೂತಗನ್ನಡಿ ಹಿಡಿದಾಗ ಮೇಜಿನ ಮೇಲಿನ ಪುಟ್ಟ ಬಾವುಟದಲ್ಲಿ ಚರಕದ ಬದಲು ಚಕ್ರ ಕಂಡಿತು. ಚಕ್ರ ಬಂದದ್ದು ಸ್ವಾತಂತ್ರ್ಯದ ಹೊತ್ತಿಗೆ. ಸಂಸ್ಥಾಪಕರು ಹೋಗಿದ್ದು ಅದಕ್ಕೂ ಎರಡು ವರ್ಷ ಮೊದಲು.

ಅಧ್ಯಕ್ಷರು ತುಂಬಾ ಹೊತ್ತು ಬಾವುಟ ನೋಡಿದರು. "ದೂರದೃಷ್ಟಿ ಇದ್ದೋರು" ಎಂದರು.

ಸಂಸ್ಥಾಪಕರ ಮಗಳು ಹಾರನಹಳ್ಳಿಯಲ್ಲಿದ್ದರು, ಎಪ್ಪತ್ತು ದಾಟಿದ ಅಜ್ಜಿ. ಫೋಟೋ ನೋಡಿದ ಕೂಡಲೇ, "ನಮ್ ಹಾಸ್ಟೆಲ್ ಅಡುಗೆಯೋರು" ಎಂದರು. "ಸಾರು ಬಾಳ ಚೆನ್ನಾಗ್ ಮಾಡೋರು."

"ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ಅಡುಗೆಯೋರ್ನೂ ಮರೀದೆ ಹಾರ ಹಾಕ್ತಾರಲ್ಲ, ದೊಡ್ಡ ಮನಸ್ಸು ಅಂದ್ಕೊಂಡಿದ್ದೆ."

ಸುಣ್ಣ ಹೊಡೆಸಿದಾಗ ಇಳಿಸಿದ ಫೋಟೋಗಳಲ್ಲಿ ಯಾವುದೋ ಅದಲುಬದಲಾಗಿರಬೇಕು. ಅಜ್ಜಿ ಟ್ರಂಕಿನಿಂದ ಅಪ್ಪನ ಒಂದೇ ಚಿತ್ರ ತೆಗೆದರು: ಕೋಟು ತೊಟ್ಟ ಸಣಕಲು ಯುವಕ, ಮಡಿಲಲ್ಲಿ ಇನ್ನೂ ಹಲ್ಲು ಬಾರದ ಕೂಸು. ಆ ಕೂಸು ತಾನೇ ಎಂದರು; ಮುಡಿ ಕೊಡುವ ಮೊದಲು ತೆಗೆಸಿದ್ದಂತೆ. ಅವರು ಹುಟ್ಟಿದಾಗ ಅಪ್ಪನಿಗೆ ಇಪ್ಪತ್ತೇಳು. ಅಲ್ಲಿಗೆ ವಯಸ್ಸು ಖಚಿತವಾಯಿತು. ಆದರೆ ಕೋಟಿನ ಗುಂಡಿಗಳು ಹೆಂಗಸರ ರವಿಕೆಯಂತೆ ಎಡಕ್ಕಿದ್ದವು.

"ಅಪ್ಪಂಗೆ ಮಚ್ಚೆ ಯಾವ ಕೆನ್ನೆ ಮೇಲಿತ್ತಮ್ಮ?"

"ಬಲಕ್ಕೆ."

ಚಿತ್ರದಲ್ಲಿ ಅದು ಎಡಕ್ಕಿತ್ತು. ಯಾರೋ ನೆಗೆಟಿವ್ ತಿರುವಿಟ್ಟು ಪ್ರಿಂಟ್ ಹಾಕಿದ್ದರು.

ಸಮಿತಿ ಸೇರಿತು. ಅಧ್ಯಕ್ಷರಿಗೆ ಇಪ್ಪತ್ತೇಳರ ಹುಡುಗ ಒಪ್ಪಿಗೆಯಾಗಲಿಲ್ಲ. "ನನ್ ಮಗನಿಗಿಂತ ಚಿಕ್ಕೋನ ಕಾಲಿಗೆ ನಾನ್ ಬೀಳ್ಲಾ?" ನಲವತ್ತೆಂಟರ ಮುಖವನ್ನೇ ಕೆತ್ತಿಸುವುದೆಂದಾಯಿತು. ನಡುವಿನ ಇಪ್ಪತ್ತೊಂದು ವರ್ಷಗಳನ್ನು ಅಜ್ಜಿಯೇ ಹೇಳಬೇಕು.

ಹಳೇಬೀಡಿನಲ್ಲಿ ಶಿಲ್ಪಿಯ ಜೇಡಿಮಣ್ಣಿನ ಮಾದರಿಯ ಮುಂದೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದೆವು. "ಕೆನ್ನೆ ಇನ್ನಷ್ಟು ಒಳಿಕ್ಕೆ. ಮೀಸೆ ಇರ್ಲಿಲ್ಲ. ಮೇಲಿನ್ ಹಲ್ಲು ಎರಡು ಹೋಗಿದ್ವು." ಅಧ್ಯಕ್ಷರು ಪ್ರತಿ ಮಾತಿಗೂ ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ, "ಕನ್ನಡಕನಾದ್ರೂ ಇತ್ತೇನಮ್ಮ?" ಎಂದು ಬೇಡುವ ದನಿಯಲ್ಲಿ ಕೇಳಿದರು.

ಅಜ್ಜಿಗೆ ಪಾಪ ಅನ್ನಿಸಿರಬೇಕು. "ಓದೋವಾಗ ಹಾಕೋರು" ಎಂದರು.

ಹಾಗಾಗಿ ನಮ್ಮೂರಿನ ಪ್ರತಿಮೆ ಕೈಯಲ್ಲಿ ಪುಸ್ತಕ ಹಿಡಿದು ನಿಂತಿದೆ.