ಅವ್ವನಿಗೆ ಓದಿ ಹೇಳಿದ ಪತ್ರ

ಬನಹಟ್ಟಿಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮನೆ ಜಮಖಂಡಿಯಲ್ಲಿ. ದಿನಾ ಬಸ್ಸು. ಸಿಟ್ಟಿನ ಹೆಂಗಸು ಅಂತ ನನಗೆ ಹೆಸರಿದೆ, ಆ ಹೆಸರನ್ನು ಕಷ್ಟಪಟ್ಟು ಗಳಿಸಿದ್ದೇನೆ, ಬಿಟ್ಟುಕೊಡುವ ಮನಸ್ಸಿಲ್ಲ. ಆದರೆ ಒಂದು ವರ್ಷ ನಾನು ಬರೆದ ಅತ್ಯಂತ ಸಮಾಧಾನದ ಬರಹದ ಬಗ್ಗೆ ಹೇಳಬೇಕಾಗಿದೆ.

ಬಿ.ಎ. ಎರಡನೆಯ ಸೆಮಿಸ್ಟರಿಗೆ ಒಂದು ಕಾದಂಬರಿ ಇತ್ತು. ಅದರ ನಡುವೆ ಒಂದು ರಾತ್ರಿಯ ಪ್ರಸಂಗ ಬರುತ್ತದೆ. ಸೋದರಮಾವನನ್ನು ಮದುವೆಯಾಗಲು ಒಲ್ಲೆ ಎಂದ ಹುಡುಗಿಯನ್ನು, ಅರಿಶಿನದ ಹಿಂದಿನ ರಾತ್ರಿ, ಓಡಿಹೋದಾಳೆಂದು ತಾಯಿಯೇ ಕಾಳಿನ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಾಳೆ. ಹುಡುಗಿ ಬಾಗಿಲು ಬಡಿಯುತ್ತಾಳೆ, ಅಂಗೈ ಒಡೆದು ರಕ್ತ ಬರುವ ತನಕ ಬಡಿಯುತ್ತಾಳೆ. ಹೆತ್ತವಳಿಗೆ ಬಾಯಿಗೆ ಬಂದ ಬೈಗುಳ ಬೈಯುತ್ತಾಳೆ. ತಾಯಿ ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಾಳೆ, ಏಳುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಹುಡುಗಿ ತಾನಾಗಿ ಹೊರಗೆ ಬಂದು ಮಣೆಯ ಮೇಲೆ ಕೂರುತ್ತಾಳೆ. ಆಮೇಲೆ ಕಾದಂಬರಿ ಮುಗಿಯುವವರೆಗೂ ಅವಳು ಒಮ್ಮೆಯೂ "ಅವ್ವಾ" ಎನ್ನುವುದಿಲ್ಲ.

ಬೈಗುಳ ಇದ್ದ ಒಂದೇ ಪುಟದ ಫೋಟೋ ಪಾಲಕರ ವಾಟ್ಸಾಪ್ ಗುಂಪಿಗೆ ಬಿತ್ತು. ಮುಧೋಳದ ಒಬ್ಬ ವ್ಯಾಪಾರಿ, ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ, "ಮಕ್ಕಳಿಗೆ ತಾಯಿಯನ್ನು ಹೀಗೆ ಬೈಯಲು ಕಲಿಸುತ್ತೀರಾ?" ಎಂದು ಬರೆದರು. ಸಂಜೆಯ ಹೊತ್ತಿಗೆ ಪುಸ್ತಕ ಓದದವರೆಲ್ಲ ಪುಸ್ತಕದ ಬಗ್ಗೆ ತೀರ್ಪು ಕೊಟ್ಟಾಗಿತ್ತು.

ಮರುದಿನ ಪ್ರಿನ್ಸಿಪಾಲರು ಕರೆದರು.

"ಮೇಡಂ, ಆ ನಾಕು ಪುಟ ಬಿಟ್ಟು ಮುಂದ ಹೋಗಿಬಿಡ್ರಿ. ಯಾರಿಗೆ ಗೊತ್ತಾಕ್ಕೈತಿ?"

"ಪ್ರಶ್ನೆಪತ್ರಿಕಿ ತಗಿಯೋರಿಗೆ ಗೊತ್ತಾಕ್ಕೈತ್ರಿ ಸರ್. ಹತ್ತು ಮಾರ್ಕಿನ ಪ್ರಶ್ನೆ ಅಲ್ಲೇ ಬರೂದು. ಆಮ್ಯಾಲೆ ಅದ ಪಾಲಕರು ಬಂದು ಯಾಕ ಕಲಸಲಿಲ್ಲ ಅಂತ ನಿಮ್ಮ ಟೇಬಲ್ ಗುದ್ದತಾರ."

ಅವರು ಟೇಬಲ್ಲಿನ ಮೇಲಿದ್ದ ನೀರಿನ ಲೋಟವನ್ನು ಆಚೆ ಸರಿಸಿದರು. "ಹಂಗಾದ್ರ ಪಾಲಕರಿಗೆ ಒಂದು ಪತ್ರ ಬರೀರಿ. ನಿಮ್ಮ ಸಿಟ್ಟು ಮನ್ಯಾಗ ಇಟ್ಟು ಬರೀರಿ," ಎಂದರು.

ಸಿಟ್ಟನ್ನು ಮನೆಯಲ್ಲಿಟ್ಟು ಬರೆಯಲು ಆಗಲಿಲ್ಲ. ಮೊದಲು ಬರೆದದ್ದರಲ್ಲಿ "ಓದಲು ಬಾರದವರು ಓದುವುದನ್ನು ತಡೆಯಬಾರದು" ಎಂಬ ವಾಕ್ಯವಿತ್ತು. ಹರಿದು ಹಾಕಿದೆ. ಹರಿದದ್ದೇ ಒಳ್ಳೆಯದಾಯಿತು, ಆ ವಾಕ್ಯ ಓದಲು ಬಾರದ ಒಬ್ಬ ತಾಯಿಯ ಕಿವಿಗೇ ಬೀಳುತ್ತಿತ್ತು. ಆ ಮಧ್ಯಾಹ್ನವೇ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಪತ್ರ ಬರೀತೀರಂತಲ್ರಿ," ಎಂದಳು.

ನೇಕಾರರ ಮನೆಯ ಹುಡುಗಿ. ಮನೆಯಲ್ಲಿ ನಾಲ್ಕು ಪವರ್‌ಲೂಮ್. ಅಪ್ಪ ಸೀರೆ ನೇಯುತ್ತಾನೆ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಾಳೆ. ತರಗತಿಯಲ್ಲಿ ಕಾದಂಬರಿಯನ್ನು ನಾನು ಕಲಿಸುವ ಮೊದಲೇ ಓದಿ ಮುಗಿಸಿದ್ದವಳು ಇವಳೇ. ಜಮಖಂಡಿಗೆ ಹೋಗಿ ಎಂ.ಎ. ಮಾಡಬೇಕು, ನನ್ನ ಹಾಗೆ ಕಲಿಸಬೇಕು ಎಂದು ಇವಳ ಆಸೆ. ನನ್ನ ಹಾಗೆ ಬೇಡವ್ವಾ, ಸ್ವಲ್ಪ ತಾಳ್ಮೆ ಇಟ್ಟುಕೊಂಡು ಕಲಿಸು ಎಂದು ಚೇಷ್ಟೆ ಮಾಡಿದ್ದೆ.

"ನಮ್ಮ ಮನ್ಯಾಗ ಮದವಿ ಮಾತಾಡಾಕತ್ತಾರ್ರಿ. ನಮ್ಮ ಅವ್ವನ ತಮ್ಮಗ. ಅನಗವಾಡಿ ಊರಿನ ಮಾಮಾ."

"ನೀ ಏನಂದಿ?"

"ನಾ ಏನೂ ಅನ್ನಾಕ ಆಗವಲ್ದ್ರಿ. ಹೊಳಿ ದಂಡಿ ಮ್ಯಾಲಿನ ಹೊಲ, ಕಬ್ಬು, ಕೈಬಿಟ್ಟು ಹೋಗಬಾರ್ದು ಅಂತಾರ. ಮಾಮಾ ಕೆಟ್ಟವನಲ್ರಿ. ಸಣ್ಣಾಕಿದ್ದಾಗ ಹೆಗಲ ಮ್ಯಾಲ ಕುಂದರಿಸಿಕೊಂಡು ಅಡ್ಡಾಡಸ್ಯಾನ. ಅದಕ್ಕ ನನಗ ಹೆಂಗೋ ಆಕ್ಕೈತ್ರಿ."

ಹದಿನೆಂಟು ತುಂಬಿತ್ತು ಅವಳಿಗೆ. ಬಾಲ್ಯವಿವಾಹವೆಂದು ಯಾವ ಕಚೇರಿಗೂ ಫೋನು ಮಾಡುವ ಹಾಗಿರಲಿಲ್ಲ. ಮನೆಗೆ ಬಂದು ಮಾತಾಡಲೇ ಎಂದೆ. ಅವಳು ಗಾಬರಿಯಾದಳು. ಹಾಗೆ ಮಾಡಿದರೆ ಅಪ್ಪ ಅವತ್ತೇ ಕಾಲೇಜು ಬಿಡಿಸುತ್ತಾನೆ ಎಂದಳು.

"ನೀವು ಪತ್ರ ಬರೀರಿ ಮೇಡಂ. ನಮ್ಮವ್ವಗ ಓದಾಕ ಬರೂದಿಲ್ಲ. ನಾನ ಓದಿ ಹೇಳಬೇಕು. ನನ್ನ ಬಾಯಿಂದ ನಾ ಹೇಳಾಕ ಆಗದ್ದು, ನಿಮ್ಮ ಪತ್ರದಾಗಿದ್ರ ಓದಬಹುದಲ್ರಿ."

ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಒಂದು ರೂಢಿಯಿದೆ. ಮಗ್ಗ ಓಡುವಾಗ ಯಾರ ಮಾತು ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಹೇಳಬೇಕಾದ ದೊಡ್ಡ ಮಾತುಗಳನ್ನೆಲ್ಲ ಕರೆಂಟು ಹೋದಾಗ ಹೇಳುತ್ತಾರೆ. ಶಾಲೆಯ ಚೀಟಿ, ಬ್ಯಾಂಕಿನ ನೋಟೀಸು, ಆಸ್ಪತ್ರೆಯ ಕಾಗದ, ಎಲ್ಲವನ್ನೂ ಮಕ್ಕಳು ಆಗಲೇ ಗಟ್ಟಿಯಾಗಿ ಓದುವುದು. ನನ್ನ ಪತ್ರವನ್ನೂ ಹಾಗೆಯೇ ಓದುತ್ತಾರೆ ಎಂದು ಗೊತ್ತಾದ ಮೇಲೆ, ಕಿವಿಯಲ್ಲಿ ಕೇಳಿಸಿಕೊಳ್ಳುವವರಿಗಾಗಿ ಬರೆಯಲು ಕೂತೆ. ವಾಕ್ಯಗಳನ್ನು ಚಿಕ್ಕದು ಮಾಡಿದೆ. ಬರೆದದ್ದನ್ನು ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡೆ.

ಮೊದಲು ಪ್ರಸಂಗವನ್ನು ಮುಚ್ಚಿಡದೆ ಹೇಳಿದೆ. ಫೋಟೋದಲ್ಲಿ ಬಿಟ್ಟುಹೋದ ಹಿಂದಿನದನ್ನೂ ಮುಂದಿನದನ್ನೂ ಸೇರಿಸಿದೆ. ಈ ಪುಸ್ತಕವನ್ನು ನಾನಾಗಲಿ ಕಾಲೇಜಾಗಲಿ ಆರಿಸಿದ್ದಲ್ಲ, ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಗೊತ್ತುಮಾಡಿದ್ದು, ಆದರೆ ನಾನು ಒಪ್ಪಿಯೇ ಕಲಿಸುತ್ತಿದ್ದೇನೆ ಎಂದು ಬರೆದೆ. ಆಮೇಲೆ ಹೀಗೆ:

"ಒಂದು ಕೆಟ್ಟ ಸಂಗತಿಯನ್ನು ತೋರಿಸುವುದು ಬೇರೆ, ಅದನ್ನು ಒಪ್ಪುವುದು ಬೇರೆ. ಆ ಹುಡುಗಿ ಬೈಯುವುದು ಬೈಯಬೇಕೆಂದು ಕಲಿಸಲು ಅಲ್ಲ. ನಯವಾಗಿ ಹೇಳಿದ ಮಾತು ಯಾರಿಗೂ ಕೇಳಿಸದೆ ಹೋದ ಮೇಲೆ ಅವಳ ಬಾಯಲ್ಲಿ ಉಳಿದದ್ದು ಅಷ್ಟೇ. ಗಮನಿಸಿ, ಲೇಖಕರು ನಮ್ಮನ್ನು ಕೋಣೆಯ ಒಳಗೆ ಕರೆದೊಯ್ಯುವುದಿಲ್ಲ. ಹೊರಗೆ ತಾಯಿಯ ಪಕ್ಕದಲ್ಲಿ ಕೂರಿಸುತ್ತಾರೆ. ಚಿಲಕ ನಮ್ಮ ಕೈಗೂ ಎಟಕುತ್ತದೆ. ತೆಗೆಯುತ್ತೇವೋ ಇಲ್ಲವೋ ಎಂದು ಓದುವ ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

"ಇದರಿಂದ ವಿದ್ಯಾರ್ಥಿನಿಯರಿಗೆ ಏನು ಸಿಗುತ್ತದೆ? ಒಂದು ಪುಟ ನೋಡಿ ತೀರ್ಪು ಕೊಡದೆ ಪೂರ್ತಿ ಓದುವ ಅಭ್ಯಾಸ ಸಿಗುತ್ತದೆ. ಯಾರು ಮಾತಾಡುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ಎಂದು ನೋಡುವ ಕಣ್ಣು ಸಿಗುತ್ತದೆ. ತಮ್ಮದಲ್ಲದ ನೋವನ್ನು ಅರಿಯಲು ಸಾಧ್ಯವಾಗುತ್ತದೆ. ತಮ್ಮದೇ ಆದ ನೋವಿದ್ದರೆ, ಅದು ಕಿರುಚಾಟವಾಗುವ ಮೊದಲೇ ಮನೆಯವರ ಮುಂದೆ ಹೇಳಲು ಮಾತು ಸಿಗುತ್ತದೆ."

ಕೊನೆಯ ವಾಕ್ಯವನ್ನು ಆ ಹುಡುಗಿಗಾಗಿಯೇ ಬರೆದೆ.

ಹೇಗೆ ಕಲಿಸುತ್ತೇನೆ ಎಂಬುದನ್ನೂ ತಿಳಿಸಿದೆ. ಈ ಪಾಠ ಬರುವುದನ್ನು ಹಿಂದಿನ ದಿನವೇ ಹೇಳುತ್ತೇನೆ. ಬೇಡವೆನಿಸಿದವರು ಆ ಹೊತ್ತು ಗ್ರಂಥಾಲಯದಲ್ಲಿ ಕೂರಬಹುದು, ಕಾರಣ ಕೇಳುವುದಿಲ್ಲ, ಅಂಕ ಕಡಿಮೆಯಾಗುವುದಿಲ್ಲ. ಬೈಗುಳವನ್ನು ಯಾರಿಂದಲೂ ಗಟ್ಟಿಯಾಗಿ ಓದಿಸುವುದಿಲ್ಲ. "ನಿಮ್ಮ ಮನೆಯಲ್ಲಿ ಹೀಗಾಗಿದೆಯೇ?" ಎಂದು ತರಗತಿಯಲ್ಲಿ ಯಾರನ್ನೂ ಕೇಳುವುದಿಲ್ಲ. ಪಾಠ ಮುಗಿದ ಮೇಲೆ ಮಾತಾಡಬೇಕೆನಿಸಿದವರಿಗೆ ನಾನು ಸಿಗುತ್ತೇನೆ. ಪಾಲಕರು ಬಂದು ಇಡೀ ಕಾದಂಬರಿಯನ್ನು ಓದಬಹುದು.

ಇನ್ನು ತಾಯಿಯ ವಿಷಯ ಉಳಿಯಿತು. ಕಂಡಿಕೆ ಸುತ್ತುವ ಆ ಹೆಂಗಸು ಗೋಡೆಗೆ ಒರಗಿ ಕೇಳುತ್ತಿರುವುದನ್ನು ಕಲ್ಪಿಸಿಕೊಂಡೆ. ತಾಯಿಯನ್ನು ಬೈದೆನೆಂದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ, ಮಿಕ್ಕದ್ದು ಒಳಗೆ ಹೋಗುವುದಿಲ್ಲ. ಅದಕ್ಕೇ ಬರೆದೆ: "ಈ ಕಾದಂಬರಿ ಆ ತಾಯಿಯನ್ನು ಕೆಟ್ಟವಳು ಎನ್ನುವುದಿಲ್ಲ. ಅವಳೂ ಹೀಗೆಯೇ ಮದುವೆಯಾದವಳು. ಅವಳಿಗೂ ಭಯವಿತ್ತು, ಬೇರೆ ದಾರಿ ಕಾಣಲಿಲ್ಲ. ಅವಳ ಸಂಕಟವನ್ನೂ ನಾವು ಅರಿಯಬೇಕೆಂದು ಲೇಖಕರು ಬಯಸುತ್ತಾರೆ."

ಅದು ನಿಜವೇ. ಇವತ್ತು ಕೇಳಿದರೂ ತರಗತಿಯಲ್ಲಿ ಹಾಗೆಯೇ ಹೇಳುತ್ತೇನೆ.

ಪತ್ರ ಮನೆಮನೆಗೆ ಹೋದ ಮೇಲೆ ನಡೆದ ಪಾಲಕರ ಸಭೆಯಲ್ಲಿ ಜಗಳವಾಗಲಿಲ್ಲ. ಮುಧೋಳದ ವ್ಯಾಪಾರಿ ಎದ್ದು ನಿಂತು, "ಪೂರ್ತಿ ಗೊತ್ತಿರಲಿಲ್ರಿ, ಈಗ ತಿಳೀತು. ಕಲಸ್ರಿ ಮೇಡಂ," ಎಂದು ಕೂತರು. ಪ್ರಿನ್ಸಿಪಾಲರು ನನ್ನ ಕಡೆಗೆ ನೋಡಿ, "ಛಲೋ ಬರದೀರಿ. ಬ್ಯಾರೆ ಯಾರೋ ಬರದಂಗೈತಿ," ಎಂದರು. ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಭಾಳ ಸಂತೋಷವಾಯಿತು.

ಅದಕ್ಕಿಂತ ಹೆಚ್ಚಿನ ಸಂತೋಷ ಸೋಮವಾರ ಆಯಿತು. ಹುಡುಗಿ ಮುಖ ಅರಳಿಸಿಕೊಂಡು ಬಂದಳು. ಕರೆಂಟು ಹೋದಾಗ ಅವ್ವನ ಮುಂದೆ ಕೂತು ಪತ್ರ ಓದಿದಳಂತೆ. ಅವ್ವ ಕೈಯಲ್ಲಿದ್ದ ನೂಲು ಕೆಳಗಿಟ್ಟು ಕೇಳಿದಳಂತೆ.

"ತಾಯಿ ಬಗ್ಗೆ ಬರದೀರಲ್ರಿ, ಆ ಸಾಲು ಮತ್ತೊಮ್ಮೆ ಓದು ಅಂದ್ಲು. ಓದಿದೆ. ಅಳಾಕತ್ತಿದ್ಲು. ನಮ್ಮವ್ವ ಕರಗ್ಯಾಳ್ರಿ ಮೇಡಂ."

"ನೀ ಏನರ ಹೇಳಿದ್ಯಾ?"

"ಹೇಳಬೇಕಂದೆ, ಅಷ್ಟರಾಗ ಕರೆಂಟ್ ಬಂತ್ರಿ. ಹೇಳತೀನಿ. ಈಗ ಹೇಳತೀನಿ."

ಆ ವಾರ ಪ್ರಸಂಗವನ್ನು ಪಾಠ ಮಾಡಿದೆ. ಗ್ರಂಥಾಲಯಕ್ಕೆ ಯಾರೂ ಹೋಗಲಿಲ್ಲ. ತಾಯಿ ಏನು ಮಾಡಬಹುದಿತ್ತು ಎಂದು ಕೇಳಿದಾಗ ಒಬ್ಬಳು ಚಿಲಕ ತೆಗೆಯಬಹುದಿತ್ತು ಎಂದಳು, ಇನ್ನೊಬ್ಬಳು ತೆಗೆದಿದ್ದರೆ ಅವಳನ್ನು ಯಾರು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂದು ಕೇಳಿದಳು. ನಮ್ಮ ಹುಡುಗಿ ಕೈ ಎತ್ತಿ, "ಒಳಗ ಹೋಗಿ ಮಗಳ ಬಾಜೂಕರ ಕುಂದರಬಹುದಿತ್ತಲ್ರಿ," ಎಂದಳು. ಇಷ್ಟು ವರ್ಷ ಕಲಿಸಿದವಳಿಗೆ ಆ ಉತ್ತರ ಹೊಳೆದಿರಲಿಲ್ಲ. ನಾನು ಸೀಮೆಸುಣ್ಣ ತೆಗೆದುಕೊಂಡು ಅದನ್ನೇ ಹಲಗೆಯ ಮೇಲೆ ಬರೆದೆ.

ಮುಂದಿನ ವಾರದಿಂದ ಅವಳು ಬರಲಿಲ್ಲ. ಫೋನು ಹಚ್ಚಿದೆ, ಬಂದ್ ಇತ್ತು. ಗೆಳತಿಯರನ್ನು ಕೇಳಿದರೆ ಊರಿಗೆ ಹೋಗಿದ್ದಾಳೆ ಎಂದರು. ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಅವಳ ಅವ್ವ ಬಂದಳು. ಕೈತುಂಬ ಹಸಿರು ಬಳೆ, ಉಡಿಯಲ್ಲಿ ಏನೋ ಗಂಟು. ಟಿ.ಸಿ. ಬೇಕು ಎಂದಳು. ನಾನು ಖುರ್ಚಿ ತೋರಿಸಿದರೂ ಕೂರಲಿಲ್ಲ.

"ಮದವಿ ಆತ್ರಿ ಅಕ್ಕಾರ. ಅನಗವಾಡ್ಯಾಗ ಮಾಡಿದ್ವಿ. ನಿಮ್ಮನ್ನ ಕರೀಬೇಕಂದಿದ್ದೆ, ಗಡಬಡ್ಯಾಗ ಆಗಲಿಲ್ಲ." ಗಂಟು ಬಿಚ್ಚಿ ಲಾಡು ಟೇಬಲ್ಲಿನ ಮೇಲೆ ಇಟ್ಟಳು. "ನಿಮ್ಮ ಉಪಕಾರ ಭಾಳ ಐತ್ರಿ ನನ್ನ ಮ್ಯಾಲ."

"ನನ್ನ ಉಪಕಾರ?"

"ಹೂಂರಿ. ನಾಕೈದು ತಿಂಗಳಾತ್ರಿ, ನನಗ ನಿದ್ದಿ ಇರಲಿಲ್ಲ. ಹಡದಾಕಿ ಆಗಿ ಮಗಳಿಗೆ ಹಿಂಗ ಮಾಡಾಕತ್ತೇನಲ್ಲ ಅಂತ ಜೀವ ತಿಂತಿತ್ತು. ಬ್ಯಾಡ ಅಂತ ಅಂದುಬಿಡೂಣು ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ರಿ. ನಿಮ್ಮ ಪತ್ರ ಓದಿಸಿದ ಮ್ಯಾಲೆ ಸಮಾಧಾನ ಆತು. ತಾಯಿ ಕೆಟ್ಟಾಕಿ ಅಲ್ಲ, ಆಕಿಗಿ ಬ್ಯಾರೆ ದಾರಿ ಇರಲಿಲ್ಲ ಅಂತ ಕಲಿತೋರು ನೀವ ಬರದೀರಿ. ಅವತ್ತ ರಾತ್ರಿ ಛಲೋ ನಿದ್ದಿ ಬಂತ್ರಿ ನನಗ. ಮುಂಜಾನೆದ್ದು ತಮ್ಮಗ ಫೋನ್ ಮಾಡಿ ದಿನಾ ಗೊತ್ತ ಮಾಡಿದೆ."

ನನ್ನ ಸಿಟ್ಟು ಎಲ್ಲಿಗೆ ಹೋಗಿತ್ತೋ ತಿಳಿಯದು. ಯಾರ ಮೇಲೆ ಮಾಡಲಿ? ಎದುರಿಗಿದ್ದವಳ ಮುಖ ತಿಂಗಳುಗಟ್ಟಲೆ ಭಾರ ಹೊತ್ತು ಇಳಿಸಿದವಳ ಮುಖ.

"ಆಕಿ ಏನಂದ್ಲು?" ಎಂದು ಕೇಳಿದೆ.

"ಏನೂ ಅನ್ನಲಿಲ್ರಿ. ಆ ಪುಸ್ತಕದಾಗಿನ ಹುಡುಗಿಗತೆ ಒದರಲಿಲ್ಲ, ಬೈಯಲಿಲ್ಲ," ಎಂದಳು ಅವ್ವ, ಮಗಳ ಮೇಲಿನ ಹೆಮ್ಮೆಯಿಂದ. "ಭಾಳ ಶಾಣೆ ಅದಾಳ್ರಿ. ಚಿಲಕ ಹಾಕೂ ಪ್ರಸಂಗನ ಬರಲಿಲ್ಲ."